ತಂಗಿ ಒಬ್ಬಾಕಿ, ಫೋಟೋ ಆರು, ಅವ್ವನ ಇಳಕಲ್ ಸೀರಿ ಒಂದ: ಪಂಚಮಿಗೆ ಏನ್ ಹೊಲಿಸೋದು?

ಶೇಂಗಾಉಂಡಿ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಧಾರವಾಡದವ್ರು. ಪಂಚಮಿಗೆ ಇನ್ನ ಐದು ವಾರ ಅದಾವ, ಟೇಲರ್ ಹದಿನೈದು ದಿನಾ ಮದ್ಲ ಬಟ್ಟಿ ಕೊಟ್ರ ಮಾತ್ರ ಅಂತ ಹೇಳ್ಯಾಳ. ನನ್ನ ತಂಗಿ ಬೆಂಗಳೂರಾಗ ಕೆಲಸಕ್ಕದಾಳ, ಮಾರ್ಗಶಿರದಾಗ ಆಕಿ ಮದುವಿ, ಅಂದ್ರ ತವರುಮನ್ಯಾಗ ಕನ್ಯಾ ಇದ್ದಾಗಿನ ಕಡೀ ಪಂಚಮಿ ಇದು. ಅವ್ವ ತನ್ನ ಒಂದು ಹಳೇ ಇಳಕಲ್ ಸೀರಿ ತಗದು "ಇದರಾಗ ಏನರ ಹೊಲಿಸಿಕೋ" ಅಂತ ಕೊಟ್ಟಾಳ, ಹಸಿರು ಒಡಲು, ಕೆಂಪು ಗೋಮಿ ದಡಿ, ಕೆಂಪು-ಬಿಳಿ ಟೋಪ ತೆನಿ ಸೆರಗು.

ತಂಗಿ ಏನ್ ಮಾಡ್ಯಾಳ ಅಂದ್ರ ತನ್ನ ಒಂದು ಸೆಲ್ಫಿ ಎಐ ಜೆಮಿನಿಗೆ ಹಾಕಿ, ಇಳಕಲ್ ಸೀರಿ ಬಟ್ಟಿದು ಅಂಬ್ರೆಲ್ಲಾ ಅನಾರ್ಕಲಿ, ಲಂಗಾ-ದಾವಣಿ, ಉದ್ದ ಕುರ್ತಾ, ಲಂಗಾ ಮ್ಯಾಲೆ ಗಿಡ್ಡ ಪೆಪ್ಲಮ್ ಟಾಪ್, ಎಲ್ಲಾ ಕೂಡಿ ಆರು ಫೋಟೋ ಮಾಡಿಸಿ ಮನೀ ಗ್ರೂಪಿಗೆ ಹಾಕ್ಯಾಳ. ಆರಕ್ಕ ಆರೂ ಛಲೋ ಕಾಣ್ತಾವ, ಅದ ತ್ರಾಸು. ಅಪ್ಪ ಒಂದು ಅಂದ, ಅವ್ವ ಒಂದು ಅಂದ್ಳು, ಕಾಕು ಮೂರನೇದು ಅಂದ್ಳು. ತಂಗಿಗೆ ಅನಾರ್ಕಲಿ ಬೇಕಂತ. ನನಗ ಮಾತ್ರ ಆ ಫೋಟೋ ನೋಡಿದ್ರ ಏನೋ ನಮ್ಮ ಸೀರಿ ಹಂಗ ಕಾಣವಲ್ದು. ಕತ್ರಿ ಹಾಕಿದ ಮ್ಯಾಲೆ ವಾಪಸ್ ಬರೂದಿಲ್ಲಲ್ರಿ, ಅದಕ್ಕ ಕೇಳಾಕತ್ತೀನಿ, ಇವನ್ನ ಹೋಲಿಸಿ ನೋಡೋದು ಹೆಂಗ?

ಪಿಕ್ಸೆಲ್ ಪುಟ್ಟ

ಸಿಂಪಲ್ ಅಕ್ಕ, ಪ್ರತೀ ಸಲ ಬೇರೆ ಬೇರೆ ಬರ್ತಿರೋದು ಯಾಕಂದ್ರೆ ಸೀಡ್ ಬದಲಾಗ್ತಾ ಇದೆ. ನಿಮ್ ಲ್ಯಾಪ್‌ಟಾಪಲ್ಲಿ ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರ ಮಾಡೋ ಎಐ ಹಾಕ್ಕೊಂಡು ಸೀಡ್ ನಂಬರ್ ಲಾಕ್ ಮಾಡ್ಬಿಡಿ, ಆಮೇಲೆ ಬಟ್ಟೆ ಹೆಸ್ರು ಮಾತ್ರ ಬದಲಾಯ್ಸಿ, ಮುಖ ಮೈ ಎಲ್ಲ ಸೇಮ್ ಇರುತ್ತೆ. ನಾನ್ ಹಂಗೇ ಮಾಡೋದು.

ಸುಮಕ್ಕ ಹಾಸನ

ಅನಾರ್ಕಲಿ ರೆಡಿಮೇಡ್ ಸಿಗುತ್ತಲ್ಲಮ್ಮ, ಆನ್‌ಲೈನಲ್ಲಿ ಮೀಡಿಯಂ ತಗೊಂಡ್ರೆ ಸರಿಹೋಗುತ್ತಾ ಲಾರ್ಜ್ ತಗೋಬೇಕಾ ಅಂತ ಫೋಟೋ ಹಾಕಿ ತೋರ್ಸೋ ಆಪ್ ಇದೆ, ನಮ್ಮ ಸೊಸೆ ಅದ್ರಲ್ಲೇ ನೋಡಿ ತಗೊಂಡ್ಳು. ಸೈಜ್ ಸರಿಯಾಗ್ಲಿಲ್ಲ ವಾಪಸ್ ಕಳ್ಸಿದ್ವಿ ಅದು ಬೇರೆ ವಿಷ್ಯ.

ಶೇಂಗಾಉಂಡಿ

ಸುಮಕ್ಕಾರ, ಕೊಳ್ಳೂದಲ್ರಿ, ಅವ್ವನ ಸೀರೀನ ಹೊಲಿಸೋದು 😀

ಉಡುಪಿ ಲೆನ್ಸ್

ಪುಟ್ಟ ಮಾರಾಯ, ಸೀಡ್ ವಿಷಯ ಅರ್ಧ ಸರಿ. ಸೀಡ್ ಒಂದೇ ಇಟ್ರೆ ಚಿತ್ರ ಶುರುವಾಗುವ ಆ ಗೊಂದಲದ ಚುಕ್ಕಿಗಳು ಒಂದೇ ಇರ್ತವೆ ಅಷ್ಟೆ, "ಲಂಗ" ಇದ್ದಲ್ಲಿ "ಅನಾರ್ಕಲಿ" ಅಂತ ಒಂದು ಶಬ್ದ ಬದಲಿಸಿದ್ರೆ ನಿಂತ ಭಂಗಿಯೂ ಸ್ವಲ್ಪ ತಿರುಗ್ತದೆ, ಮುಖವೂ ಸ್ವಲ್ಪ ಬದಲಾಗ್ತದೆ. ಕೊನೆಗೆ ಒಂದೇ ಥರ ಕಾಣುವ ಯಾರೋ ಒಬ್ಬ ಹುಡುಗಿ ಸಿಗ್ತಾಳೆ, ಇವರ ತಂಗಿ ಸಿಗುವುದಿಲ್ಲ. ನಮಗೆ ಬೇಕಾದದ್ದು ತಂಗಿಯದ್ದೇ ಫೋಟೋ, ಅದರಲ್ಲಿ ಬಟ್ಟೆ ಮಾತ್ರ ಬದಲು.

ನಾನು ಮದುವೆ ಫೋಟೋ ತೆಗೆಯುವವ, ಈಗ ಒಂದು ವರ್ಷದಿಂದ ಮದುಮಗಳಿಗೆ ಬ್ಲೌಸ್ ತೋರಿಸ್ಲಿಕ್ಕೆ ಇದನ್ನೇ ಮಾಡ್ತಾ ಇದ್ದೇನೆ. ನಿಮ್ಮ ತಂಗಿಯ ತಪ್ಪು ಸೆಲ್ಫಿಯಿಂದಲೇ ಶುರು. ಸೆಲ್ಫಿಯಲ್ಲಿ ಸೊಂಟದಿಂದ ಕೆಳಗೆ ಏನೂ ಇಲ್ಲ ಅಲ್ವಾ, ಅಂದ್ರೆ ಲಂಗದ ಕೆಳಗಿನ ಮೈ ಪೂರ್ತಿ ಯಂತ್ರದ ಕಲ್ಪನೆ. ಅದು ಯಾವಾಗಲೂ ಉದ್ದ ಕಾಲು, ಸಣ್ಣ ಸೊಂಟ ಕಲ್ಪಿಸುವುದು. ಆರೂ ಚಂದ ಕಾಣ್ಲಿಕ್ಕೆ ಅದೇ ಕಾರಣ ಮಾರಾಯ್ರೇ, ಬಟ್ಟೆ ಅಲ್ಲ.

ಮೊದಲು ಒಂದು ಸರಿಯಾದ ಮೂಲ ಫೋಟೋ ತೆಗೀರಿ. ಮೈಗೆ ಅಂಟುವ ಟೀ ಶರ್ಟ್, ಲೆಗ್ಗಿಂಗ್ಸ್, ಕೂದಲು ಹಿಂದೆ ಕಟ್ಟಿ ಹೆಗಲು ಕುತ್ತಿಗೆ ಕಾಣಬೇಕು, ಕೈ ಮೈಯಿಂದ ಸ್ವಲ್ಪ ದೂರ. ಫೋನ್ ಹತ್ತು ಅಡಿ ಹಿಂದೆ, ಸೊಂಟದ ಎತ್ತರದಲ್ಲಿ ಹಿಡೀರಿ. ಹತ್ತಿರ ನಿಂತು ಮುಖದ ಎತ್ತರದಿಂದ ತೆಗೆದ್ರೆ ತಲೆ ದೊಡ್ಡ ಕಾಲು ಗಿಡ್ಡ ಬರ್ತದೆ, ಆಗ ಲಂಗ ಎಷ್ಟು ಉದ್ದ ಚಂದ ಅಂತ ಗೊತ್ತಾಗುವುದೇ ಇಲ್ಲ. ಹಾಗೇ ಸೀರೆಯದ್ದು ಬೇರೆ ಫೋಟೋ, ಹಗಲು ಬೆಳಕಲ್ಲಿ ನೆಲಕ್ಕೆ ಹಾಸಿ, ಒಡಲು ಅಂಚು ಸೆರಗು ಮೂರೂ ಒಟ್ಟಿಗೆ ಕಾಣುವ ಹಾಗೆ. "ಇಳಕಲ್" ಅಂತ ಹೆಸರು ಬರೆದ್ರೆ ಸಾಕು ಅಂತ ನಂಬಬೇಡಿ. ಅದಕ್ಕೆ ಸೀರೆ ಅಂದ ಕೂಡಲೇ ಕಾಂಚೀಪುರದ ಅಗಲ ಜರಿ ಅಂಚು ನೆನಪಾಗುವುದು.

ನಾನು ಹಾಕುವುದು ಇಷ್ಟೇ, ಎರಡು ಫೋಟೋ ಜೊತೆಗೆ:

```
Edit image 1. Keep face, hair, body shape, pose and background exactly the same.
Change only the clothes: ankle-length gathered skirt, elbow-sleeve blouse.
Use the cloth in image 2, same colours. Border height = one tenth of skirt length. No zari.
```

ಮುಂದಿನ ಡ್ರೆಸ್‌ಗೆ ಎರಡನೇ ಸಾಲು ಮಾತ್ರ ಬದಲಿಸಿ. ಇನ್ನೊಂದು, ಬಂದ ಚಿತ್ರದ ಮೇಲೆಯೇ "ಈಗ ಇದನ್ನು ಅನಾರ್ಕಲಿ ಮಾಡು" ಅಂತ ಮುಂದುವರಿಸ್ಬೇಡಿ. ಪ್ರತೀ ಸಲ ಮೂಲ ಫೋಟೋ ಹಾಕಿ ಹೊಸ ಚಾಟ್‌ನಿಂದ ಶುರು ಮಾಡಿ. ಇಲ್ಲದಿದ್ರೆ ಪ್ರತೀ ತಿದ್ದುವಿಕೆಗೂ ಮುಖ ಒಂಚೂರು ನುಣುಪಾಗ್ತಾ ಹೋಗಿ ಐದನೇದಕ್ಕೆ ತಂಗಿಯ ಸೋದರಸೊಸೆ ಹಾಗೆ ಕಾಣ್ತಾಳೆ.

ಪಿಕ್ಸೆಲ್ ಪುಟ್ಟ

ಓಕೆ ಸರ್ ಒಪ್ದೆ, ಆದ್ರೆ ಇನ್‌ಪೇಂಟಿಂಗ್ ಮಾಡಿದ್ರೆ ಮುಖದ ಒಂದು ಪಿಕ್ಸೆಲ್ಲೂ ಬದಲಾಗಲ್ಲ ಅಲ್ವಾ? ಬಟ್ಟೆ ಜಾಗಕ್ಕೆ ಮಾತ್ರ ಮಾಸ್ಕ್ ಹಾಕೋದು, ಫೋಟೋನೂ ಮನೆ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗಲ್ಲ.

ಉಡುಪಿ ಲೆನ್ಸ್

ಅದು ಹೆಚ್ಚುಕಮ್ಮಿ ಸರಿ. ಆದ್ರೆ ಲೆಗ್ಗಿಂಗ್ಸ್ ಹಾಕಿದ ಕಾಲಿನ ಸುತ್ತ ಅಂಟಿದ ಹಾಗೆ ಮಾಸ್ಕ್ ಎಳೆದ್ರೆ ಲಂಗ ಅರಳ್ಲಿಕ್ಕೆ ಜಾಗವೇ ಇರುವುದಿಲ್ಲ, ಹಸಿರು ಪ್ಯಾಂಟ್ ಬರ್ತದೆ 😄 ಲಂಗ ಎಲ್ಲಿವರೆಗೆ ಹರಡಬಹುದೋ ಅಲ್ಲಿವರೆಗೆ, ನೆಲ ಗೋಡೆ ಸೇರಿಸಿ ಅಗಲ ಮಾಸ್ಕ್ ಹಾಕ್ಬೇಕು. ಇವರಿಗೆ ಐದು ವಾರ ಉಂಟು, ಅದನ್ನೆಲ್ಲ ಈಗ ಕಲಿಯುವುದು ಬೇಡ.

ಸೂಜಿಮನೆ

ಮೈಸೂರಿಂದ. ಹತ್ತೊಂಬತ್ತು ವರ್ಷದಿಂದ ಹೊಲೀತಿದೀನಿ. ಈಗ ದಿನಕ್ಕೊಬ್ಬರಾದ್ರೂ ಇಂಥ ಫೋಟೋ ಹಿಡ್ಕೊಂಡು ಬಂದೇ ಬರ್ತಾರೆ, "ಇದೇ ಥರ ಬೇಕು ಆಂಟಿ" ಅಂತ. ನಾನು ಕೇಳೋದು ಒಂದೇ, ಇದರ ಹಿಂದ್ಗಡೆ ಎಲ್ಲಿ? ಮುಂದಿನ ಫೋಟೋ ಒಂದೇ ಇರುತ್ತೆ. ಬೆನ್ನು ಹೆಂಗಿದೆ, ಜಿಪ್ ಎಲ್ಲಿ, ಹುಕ್ ಎಲ್ಲಿ, ಡಾಟ್ ಎಲ್ಲಿ ಏನೂ ಇರಲ್ಲ, ಬೋಟ್ ನೆಕ್ ಟೈಟಾಗಿ ಕುತ್ತಿಗೆಗೆ ಅಂಟಿರುತ್ತೆ, ತಲೆ ಹೋಗೋ ದಾರಿನೇ ಇಲ್ಲ.

ಶೇಂಗಾಉಂಡಿಯವ್ರೇ, ಸೀರೆ ಅಳತೆ ಹಾಕಿ ಮೊದಲು. ಪೂರ್ತಿ ಉದ್ದ ಎಷ್ಟು, ಅದರಲ್ಲಿ ಸೆರಗು ಎಷ್ಟು, ಪನ್ನ ಅಂದ್ರೆ ಅಗಲ ಎಷ್ಟು, ಅಂಚು ಎಷ್ಟು ಇಂಚು. ಜೊತೆಗೆ ತಂಗಿ ಸೊಂಟ, ಸೊಂಟದಿಂದ ಪಾದದ ಗಂಟಿನವರೆಗೆ. ಫೋಟೋ ಆಮೇಲೆ ನೋಡಣ.

ನ್ಯೂಜೆರ್ಸಿ ಗೌರಿ

ಅಯ್ಯೋ ಆ ಕುತ್ತಿಗೆ ಕಥೆ ನಂದೇ. ಹೋದ್ಸಲ ಗೌರಿ ಹಬ್ಬಕ್ಕೆ ಮಗಳಿಗೆ ಇಲ್ಲಿಂದ ಇಮೇಜ್ ಮಾಡಿ, ಊರಲ್ಲಿ ಅಮ್ಮನ ಕೈಲಿ ಟೇಲರ್‌ಗೆ ಕೊಡಿಸಿ ಹೊಲಿಸಿ ಕೊರಿಯರಲ್ಲಿ ತರಿಸ್ಕೊಂಡೆ. ಟೇಲರ್ ಪಾಪ ಫೋಟೋಲಿ ಇದ್ದ ಹಾಗೇ ಮಾಡಿದಾರೆ, ಓಪನಿಂಗೇ ಇಲ್ಲ. ಪೂಜೆ ದಿನ ಬೆಳಗ್ಗೆ ಬೆನ್ನು ಕತ್ತರಿಸಿ ಸೇಫ್ಟಿ ಪಿನ್ ಹಾಕಿ ಮೇಲೆ ಜಡೆ ಬಿಟ್ಟು ಕೂರಿಸಿದ್ವಿ. ಆಮೇಲೆ ಮಕ್ಕಳ ಫೋಟೋ ಇಂಥದ್ದಕ್ಕೆ ಹಾಕೋದೇ ಬೇಡ ಅಂತ ನಮ್ಮನೆಯವ್ರು ಜಗಳ, ಅದೂ ಸರಿನೇ ಅನ್ಸುತ್ತೆ, ಈಗ ಅವಳ ಮುಖ ಕ್ರಾಪ್ ಮಾಡಿ ಕುತ್ತಿಗೆಯಿಂದ ಕೆಳಗೆ ಮಾತ್ರ ಹಾಕ್ತೀನಿ. ಬಟ್ಟೆ ನೋಡಕ್ಕೆ ಮುಖ ಯಾಕೆ ಬೇಕು ಹೇಳಿ?

ಶೇಂಗಾಉಂಡಿ

ಅಳತಿ ತಗೊಂಡೆ ನೋಡ್ರಿ, ಅವ್ವ ಒಂದು ಕಡೆ ಹಿಡಿದಿದ್ಳು. ಸೀರಿ ಪೂರಾ 216 ಇಂಚು, ಅದರಾಗ ಸೆರಗು 27, ಉಳಿದ ಒಡಲು 189. ಪನ್ನಾ 46, ಎರಡೂ ದಂಡಿಗೆ ದಡಿ 4-4 ಇಂಚು. ತಂಗಿ ಸೊಂಟ 30, ಸೊಂಟದಿಂದ ಪಾದಕ್ಕ 38.

ಲೆನ್ಸ್ ಅಣ್ಣಾರ ಹೇಳಿದಂಗ ಫೋಟೋ ತಗಸಿದೆ, ಆಕಿ ಗೆಳತಿ ತಗದ್ಳು. ಮತ್ತ ಆರು ಮಾಡೀವಿ. ಈಗ ನೋಡಿದ್ರ ಮದಲಿನವಕ್ಕೂ ಇವಕ್ಕೂ ಭಾಳ ಫರಕ್ ಐತ್ರಿ! ಪೆಪ್ಲಮ್ ಆಗಳೇ ಭಾರೀ ಕಂಡಿತ್ತು, ಈಗ ನೋಡಿದ್ರ ಆಕೀನ ಎರಡು ಭಾಗ ಮಾಡಿದಂಗ ಕಾಣ್ತೈತಿ. ಕುರ್ತಾ ಆಫೀಸಿಗೆ ಹೊಂಟಂಗ ಐತಿ. ಅಂಬ್ರೆಲ್ಲಾ ಅನಾರ್ಕಲಿ ಮತ್ತ ಲಂಗಾ-ದಾವಣಿ ಎರಡ ಉಳದಾವ ಅಂತ ಹೇಳಬಹುದು.

ಉಡುಪಿ ಲೆನ್ಸ್

ಒಳ್ಳೇದಾಯ್ತು. ಈಗ ಒಂದು ಚೆಕ್ ಮಾಡಿ. ಮೂಲ ಫೋಟೋವನ್ನೂ ಬಂದ ಚಿತ್ರವನ್ನೂ ಒಂದೇ ಅಳತೆಯಲ್ಲಿ ಪಕ್ಕಪಕ್ಕ ಇಟ್ಟು ತಲೆ ಎಷ್ಟು, ಇಡೀ ಎತ್ತರ ಎಷ್ಟು ಅಂತ ಸ್ಕೇಲ್ ಹಿಡಿದು ನೋಡಿ. ಮೂಲದಲ್ಲಿ ಎತ್ತರ ಏಳು ತಲೆಯಷ್ಟಿದ್ದು ಚಿತ್ರದಲ್ಲಿ ಎಂಟು ತಲೆ ಆಗಿದ್ರೆ ಅದನ್ನು ಬಿಸಾಡಿ, ಕಾಲು ಉದ್ದ ಮಾಡಿದೆ ಅಂತ ಅರ್ಥ. ಮೊಣಕೈ ಸೊಂಟಕ್ಕೆ ಎಲ್ಲಿ ಬರ್ತದೆ ಅಂತಲೂ ನೋಡಿ, ಸೊಂಟ ಮೇಲೆ ಏರಿಸಿದ್ರೆ ಅಲ್ಲಿ ಸಿಕ್ಕಿ ಬೀಳ್ತದೆ.

ಆಮೇಲೆ ಅಂಚು. ಲಂಗ 38 ಇಂಚು, ಅಂಚು 4. ಸ್ಕ್ರೀನ್ ಮೇಲೆ ಲಂಗ 19 ಸೆಂಟಿಮೀಟರ್ ಬಂದ್ರೆ ಅಂಚು 2 ಇರಬೇಕು.

ಶೇಂಗಾಉಂಡಿ

ಅಯ್ಯ ದೇವರ. ಲಂಗಾದ್ದು ಬರೋಬ್ಬರಿ ಎರಡರ ಹತ್ರ ಐತಿ. ಅನಾರ್ಕಲಿದು ಐದು ಐತ್ರಿ! ಅಂದ್ರ ಹತ್ತು ಇಂಚಿನ ದಡಿ! ತಂಗಿಗೆ ಅದ ಅಲ್ಲೇನ್ರಿ ಮನಸ್ಸಿಗೆ ಬಂದಿದ್ದು, "ದಡಿ ಭಾರೀ ಎದ್ದು ಕಾಣ್ತೈತಿ" ಅಂತ.

ಮೂರು ಸಲ ಹೊಸದಾಗಿ ಮಾಡಿದ ಮ್ಯಾಲೆ ಅನಾರ್ಕಲಿಗೂ ಎರಡು ಸೆಂಟಿಮೀಟರಿನ ದಡಿ ಬಂತು. ಈಗ ಆಕಿ "ಅಷ್ಟೇನ್ ಗ್ರ್ಯಾಂಡ್ ಇಲ್ಲ ಬಿಡು, ಆದ್ರೂ ಅದ ಬೇಕು" ಅಂತ ಕುಂತಾಳ.

ಸೂಜಿಮನೆ

ಬೇಕು ಅಂದ್ರೂ ಆ ಸೀರೆಲಿ ಅದು ಬರಲ್ಲ ಕಣ್ರೀ. ಲೆಕ್ಕ ಹೇಳ್ತೀನಿ ನೋಡಿ. ಅನಾರ್ಕಲಿದು ಕೆಳಗಿನ ಭಾಗ ಸೊಂಟದಿಂದ ಅರಳುತ್ತೆ ಅಂತ್ಲೇ ಇಟ್ಕೊಳಿ. ಫುಲ್ ಅಂಬ್ರೆಲ್ಲಾ ಅಂದ್ರೆ ಬಟ್ಟೆ ದುಂಡಗೆ ಕಟ್ ಆಗ್ಬೇಕು. ಸೊಂಟ 30 ಅಂದ್ರೆ ಮಧ್ಯದ ತೂತಿನ ಅರ್ಧ ಅಳತೆ ಹತ್ರಹತ್ರ 5 ಇಂಚು, ಅದಕ್ಕೆ ಉದ್ದ 38 ಸೇರಿಸಿದ್ರೆ 43. ಅಂದ್ರೆ ಪನ್ನ 43 ಇಂಚು ಬರೀ ಒಡಲು ಬೇಕು. ನಿಮ್ಮದು ಪನ್ನ 46 ಇದೆ, ಆಯ್ತಲ್ಲ ಅಂತೀರ, ಆದ್ರೆ ಎರಡೂ ಕಡೆ ಅಂಚು ಇದೆಯಲ್ಲ? ಹಂಗೇ ದುಂಡಗೆ ಕತ್ತರಿಸಿದ್ರೆ ಆ ಅಂಚು ಕೆಳಗೆ ಬರಲ್ಲ, ಸೈಡ್ ಹೊಲಿಗೆ ಹತ್ರ ಅಡ್ಡಾದಿಡ್ಡಿ ಬಂದು ಕೂರುತ್ತೆ. ಅಂಚು ಬಿಚ್ಚಿ ತೆಗೆದ್ರೆ ಒಡಲು 38 ಉಳಿಯುತ್ತೆ. ಅಂಚನ್ನ ಕೆಳಗೆ ಸೇರಿಸ್ತೀವಿ ಅದರಿಂದ ನಾಲ್ಕು ಇಂಚು ಉದ್ದ ಸಿಗುತ್ತೆ ಅಂದ್ರೂ ಒಡಲು 39 ಬೇಕು, ಹೊಲಿಗೆಗೆ ಬಿಡೋದು ಸೇರಿ 40. ಎರಡು ಇಂಚು ಕಮ್ಮಿ. ತುಂಡು ತುಂಡು ಕಳಿ ಮಾಡಿ ಹೊಲಿದ್ರೆ ಆಗುತ್ತೆ, ಆದ್ರೆ ಅದು ಬೇರೆ ಡ್ರೆಸ್ಸು, ಫೋಟೋಲಿರೋದಲ್ಲ.

ಎರಡಿಂಚು ಬಿಡಿ, ನಿಜವಾದ ತೊಂದರೆ ಅದಲ್ಲ. ಇಳಕಲ್ ಅಂಚು ನೇರ ನೇಯ್ದಿರೋದು, ಮೇಲಿನ ದಂಡೆ ಎಷ್ಟು ಉದ್ದವೋ ಕೆಳಗಿನ ದಂಡೆನೂ ಅಷ್ಟೇ. ದುಂಡನೆ ಲಂಗದ ಕೆಳಗಿನ ನಾಲ್ಕು ಇಂಚಲ್ಲಿ ಮೇಲಿನ ಸುತ್ತಿಗೂ ಕೆಳಗಿನ ಸುತ್ತಿಗೂ 25 ಇಂಚು ವ್ಯತ್ಯಾಸ ಇರುತ್ತೆ. ಆ 25 ಇಂಚು ನೇರ ಅಂಚು ಎಲ್ಲಿಂದ ತರುತ್ತೆ? ಹೊಲಿದ್ರೆ ಕೆಳಗೆ ಒಳಕ್ಕೆ ಮಡಚ್ಕೊಂಡು ಬಟ್ಟಲು ಕವುಚಿದ ಹಾಗೆ ನಿಲ್ಲುತ್ತೆ. ಫೋಟೋದಲ್ಲಿ ಅಂಚು ಹೂವಿನ ಹಾಗೆ ಅಲೆ ಅಲೆಯಾಗಿ ಅರಳಿದೆ ಅಲ್ವಾ, ಅದು ಪೇಂಟ್ ಮಾಡಿದ ಅಂಚು, ನೇಯ್ದಿದ್ದಲ್ಲ. ಕಿರಿದು ಅಂಚಿಗೆ, ಅರ್ಧ ಇಂಚಿನ ಲೇಸಿಗೆ ಇದೆಲ್ಲ ಗೊತ್ತಾಗಲ್ಲ, ಇಸ್ತ್ರಿಲಿ ಎಳೆದು ಕೂರಿಸ್ತೀವಿ. ನಾಲ್ಕು ಇಂಚು ಅಂದ್ರೆ ಆಗಲ್ಲ.

ನೆರಿಗೆ ಲಂಗಕ್ಕೆ ಈ ಯಾವ ರಗಳೆನೂ ಇಲ್ಲ. ಸೀರೆನ ಅಡ್ಡ ಹಿಡಿದ್ರೆ ಪನ್ನವೇ ಲಂಗದ ಉದ್ದ, ಅಂಚು ತಾನಾಗೇ ಕೆಳಗೆ ನೇರ ಬರುತ್ತೆ, ಕೆಳಗೆ ಮಡಚೋದೂ ಬೇಡ. 38ಕ್ಕೆ ಬೆಲ್ಟಿಗೆ ಒಂದೂವರೆ ಸೇರಿ ಹತ್ರಹತ್ರ 40 ಇಟ್ಕೊಳಿ, ಮೇಲೆ ಆರಿಂಚು ಉಳಿಯುತ್ತೆ. ಅದರಲ್ಲೇ ಮೇಲಿನ ಅಂಚು ಇಡೀ ಸಿಗುತ್ತೆ, ಅದು ತೋಳಿಗೆ.

ಪಿಕ್ಸೆಲ್ ಪುಟ್ಟ

ಇದನ್ನೆಲ್ಲ ಪ್ರಾಂಪ್ಟಲ್ಲೇ ಹಾಕ್ಬಿಟ್ರೆ? "ಬಟ್ಟೆ 5.5 ಮೀಟರ್ ಮಾತ್ರ ಇದೆ" ಅಂತ?

ಉಡುಪಿ ಲೆನ್ಸ್

ಹಾಕಿ ನೋಡಿದ್ದೇನೆ, ಉಪಯೋಗ ಇಲ್ಲ. ಅದು ಬಟ್ಟೆ ಕತ್ತರಿಸುವುದಿಲ್ಲ ಪುಟ್ಟ, ಬಟ್ಟೆಯ ಹಾಗೆ ಕಾಣುವ ಬಣ್ಣ ತುಂಬುವುದು. ಎರಡು ಮೀಟರ್ ಅಂತ ಬರೆದ್ರೂ ಇಪ್ಪತ್ತು ಮೀಟರಿನ ಘೇರ್ ಬರ್ತದೆ. ಇಂಚು ಅಂದ್ರೂ ಅದಕ್ಕೆ ನಾಟುವುದಿಲ್ಲ, ಅದಕ್ಕೇ ನಾನು ಹತ್ತನೇ ಒಂದು ಪಾಲು ಅಂತ ಬರೆದದ್ದು.

ಮಗ್ಗದ ಮನಿ

ಶೇಂಗಾಉಂಡಿ ತಂಗಿ, ನಾ ಬಾಗಲಕೋಟಿ ಕಡೆಯಾಂವ, ನಮ್ಮ ಅಪ್ಪ ಅಜ್ಜ ಎಲ್ಲಾ ಮಗ್ಗದ ಮ್ಯಾಲೆ ಕುಂತವ್ರು. ಇಷ್ಟೊತ್ತು ಎಲ್ಲಾರೂ ದಡಿ ದಡಿ ಅಂದ್ರಿ, ಸೆರಗಿನ ಬಗ್ಗೆ ಯಾರೂ ಮಾತಾಡಲಿಲ್ಲ. ಆ ಫೋಟೋದಾಗ ಸೆರಗು ಹೆಂಗ ಬಂದೈತಿ ಹೇಳವಾ.

ಶೇಂಗಾಉಂಡಿ

ಕಾಕಾರ, ಕೆಂಪು ಐತಿ, ಆದ್ರ ಟೋಪ ತೆನಿ ಹಲ್ಲು ಹಲ್ಲು ಇರ್ತಾವಲ್ರಿ ಕೋಟಿ ತೆನಿ ಹಂಗ, ಅವು ಇಲ್ಲ. ಒಂದ್ರಾಗ ಮಾವಿನಕಾಯಿ ಬುಟ್ಟಾ ಬಂದಾವ, ಒಂದ್ರಾಗ ನವಿಲು.

ಮಗ್ಗದ ಮನಿ

ನವಿಲು ಬರ್ತಾವ, ಬಂದಾವ ಬಿಡು, ಅದಕ್ಕೇನ್ ಗೊತ್ತೈತಿ. ನೋಡವಾ, ಇಳಕಲ್ ಸೀರ್ಯಾಗ ಒಡಲಿನ ಹಾಸು, ಅಂದ್ರ ಉದ್ದಕ್ಕ ಬರೂ ನೂಲು, ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನ ಎಳಿಗೆ ಎಳಿ ಕೊಂಡಿ ಹಾಕಿ ಜೋಡಸ್ತೀವಿ. ಆ ಕೊಂಡಿ ಹಾಕಾಕ ಮನ್ಯಾಗ ಹೆಂಗಸರು ತಾಸುಗಟ್ಟಲೆ ಕುಂದರತಾರ. ಸೀರಿ ಮ್ಯಾಲೆ ಹಸಿರು ಮುಗದು ಕೆಂಪು ಶುರು ಆಗೂ ಗೆರಿ ಮ್ಯಾಲೆ ಬೆರಳ ಆಡಿಸಿ ನೋಡು, ತಿಳೀತೈತಿ. ಟೇಲರ್ ಆ ಗೆರಿ ಮ್ಯಾಲೇ ಕತ್ರಿ ಇಟ್ರ ಕೊಂಡಿ ಬಿಚ್ಚಿಕೊಂತ ಹೊಕ್ಕಾವ, ಸೆರಗು ನೂಲು ನೂಲಾಗತೈತಿ. ಕತ್ತರಿಸೂದ ಆದ್ರ ಆ ಕಡೆ ಈ ಕಡೆ ಬಿಟ್ಟು ಕತ್ತರಿಸ್ರಿ.

ನನ್ನ ಕೇಳಿದ್ರ ಕತ್ತರಿಸಬ್ಯಾಡ್ರಿ. ಸೀರೀನ ಉಡಲಿ, ಗುಳೇದಗುಡ್ಡ ಖಣದ ಜಂಪರ್ ಒಂದು ಹೊಲಿಸಿ ಕೊಡ್ರಿ, ಮುಗೀತು. ಅದರ ಮುಂದ ಯಾ ಅನಾರ್ಕಲಿ?

ನ್ಯೂಜೆರ್ಸಿ ಗೌರಿ

ಅಂಕಲ್ ಹೇಳೋದು ಕೇಳಿ ಕರುಳು ಚುರಕ್ ಅಂತು. ಆದ್ರೆ ಬೀರುಲಿ ಇಟ್ಟಿರೋ ಸೀರೆ ಮಡಿಕೆಲಿ ಹರಿಯುತ್ತೆ, ಈ ಕಾಲದ ಹುಡುಗೀರು ಉಡ್ತಾರಾ? ಹೊಲಿಸಿದ್ರೆ ನಾಲ್ಕು ಸಲನಾದ್ರೂ ಹಾಕ್ತಾರೆ.

ಮಗ್ಗದ ಮನಿ

ಹಂಗ ಅಂತ ಹೇಳಿ ಎಷ್ಟು ಸೀರಿ ದಿಂಬಿನ ಕವರ್ ಆದುವು ನಾ ನೋಡೀನವಾ.

ಸೂಜಿಮನೆ

ಸರ್, ನಿಮ್ಮ ಮಾತಿಗೆ ಒಂದು ದಾರಿ ಇದೆ, ರಾತ್ರಿಯೆಲ್ಲ ಕಾಗದದ ಮೇಲೆ ಹಾಕ್ತಾ ಇದ್ದೆ. ತಂಗಿ ಸೊಂಟ 30. ಹತ್ತಿ ಬಟ್ಟೆಗೆ ಅಸ್ತರು ಬೇರೆ ಬರುತ್ತೆ, ನಾಲ್ಕು ಪಟ್ಟು ನೆರಿಗೆ ಧಾರಾಳ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಸೊಂಟದ ಹತ್ರ ಮೂಟೆ ಕಟ್ಟಿದ ಹಾಗೆ ಆಗುತ್ತೆ. ಅಂದ್ರೆ ಲಂಗಕ್ಕೆ 118 ಇಂಚು ಇಟ್ಕೊಳೋಣ, ಮೂರು ಮೀಟರ್. 216ರಲ್ಲಿ 118 ಹೋದ್ರೆ 98. ದಾವಣಿಗೆ ಎಷ್ಟು ಬೇಕು? ಎರಡೂವರೆ ಮೀಟರ್. 98 ಇಂಚು ಅಂದ್ರೆ ಎರಡೂವರೆ ಮೀಟರೇ ಆಯ್ತಲ್ಲ!

ಆ 98ರಲ್ಲಿ ಒಡಲು 71, ಸೆರಗು 27, ಮಧ್ಯ ಕೊಂಡಿ ಹಂಗೇ ಇರುತ್ತೆ. ಸೀರೆಗೆ ಅಡ್ಡ ಒಂದೇ ಒಂದು ಕಡೆ ಕತ್ತರಿ. ಒಂದು ತುಂಡು ಲಂಗ, ಇನ್ನೊಂದು ತುಂಡು ಸೆರಗು ಸಮೇತ ದಾವಣಿ, ಅದಕ್ಕೆ ಸೂಜಿನೇ ಮುಟ್ಟಿಸೋದು ಬೇಡ, ಕತ್ತರಿಸಿದ ಕಡೆ ಮಾತ್ರ ಮಡಚಿ ಹೊಲಿದ್ರೆ ಆಯ್ತು. ಬ್ಲೌಸು ಖಣದ್ದು. ಖಣಕ್ಕೆ ಪನ್ನ ಕಮ್ಮಿ ಇರುತ್ತೆ, ನಿಮ್ಮ ಟೇಲರ್‌ನ ಕೇಳಿ ಎರಡು ತಗೊಳಿ.

ಮಗ್ಗದ ಮನಿ

ಇದು ಮಾತು. ಒಂದು ಕತ್ರಿ ಅಂದ್ರ ನಾ ಒಪ್ಪೇನಿ. ಮ್ಯಾಲಿನ ಆರಿಂಚು ಮಾತ್ರ ಯಾಕ ಕತ್ತರಸ್ತೀರಿ? ಒಳಗ ಮಡಚಿ ಹೊಲೀರಿ, ಮುಂದ ಆಕಿಗೆ ಮಗಳು ಹುಟ್ಟಿದ್ರ ಬಿಚ್ಚಿ ಏನರ ಮಾಡಕೊಂಡಾಳು.

ಸೂಜಿಮನೆ

ಮಡಚಿದ್ರೆ ಸೊಂಟದ ಹತ್ರ ಎರಡು ಪದರ, ಅದಕ್ಕೆ ನೆರಿಗೆ, ಅದರ ಕೆಳಗೆ ಅಸ್ತರು. ದಪ್ಪ ಆಗುತ್ತೆ ಸರ್. ನಾನಾದ್ರೆ ಕತ್ತರಿಸ್ತೀನಿ.

ಸುಮಕ್ಕ ಹಾಸನ

ಬಣ್ಣ ಬಿಡುತ್ತಾ ನೋಡಿದ್ರಾ? ಕೆಂಪು ಸೆರಗು ಹಸಿರು ಮೇಲೆ ಇಳಿದ್ರೆ ಮುಗೀತು ಕಥೆ. ಹಳೇ ಹತ್ತಿ ಸೀರೆ ಒಗೆದು ಆಮೇಲೆ ಕತ್ತರಿಸ್ಬೇಕು, ಅಸ್ತರು ಬಟ್ಟೆನೂ ನೆನೆಸಿ ಒಣಗಿಸ್ಬೇಕು, ಇಲ್ಲಾಂದ್ರೆ ಅಸ್ತರು ಕುಗ್ಗಿ ಲಂಗ ಸುಕ್ಕಾಗುತ್ತೆ.

ಸೂಜಿಮನೆ

ಸುಮಕ್ಕ ಈ ಸಲ ಸರಿಯಾಗಿ ಹೇಳಿದ್ರು. ಒದ್ದೆ ಬಿಳಿ ಬಟ್ಟೇಲಿ ಸೆರಗಿನ ಒಂದು ಮೂಲೆ ಉಜ್ಜಿ ನೋಡಿ, ಕೆಂಪು ಹತ್ತಿದ್ರೆ ಮನೇಲಿ ಒಗೀಬೇಡಿ. ಸೀರೆನ ಕಿಟಕಿಗೆ ಹಿಡಿದು ಬೆಳಕಲ್ಲಿ ಮಡಿಕೆ ಗೆರೆಗಳನ್ನೂ ನೋಡಿ, ಎಳೆ ಸವೆದಿದ್ರೆ ಚುಕ್ಕಿ ಚುಕ್ಕಿ ಕಾಣುತ್ತೆ. ಅದನ್ನ ಲಂಗದ ಭಾಗಕ್ಕೆ ಬರೋ ಹಾಗೆ ಮಾಡ್ಕೋಬಹುದು, ನೆರಿಗೆಲೂ ಅಸ್ತರಲ್ಲೂ ಮುಚ್ಚಿ ಹೋಗುತ್ತೆ. ದಾವಣಿಲಿ ಬಂದ್ರೆ ಹರಿಯುತ್ತೆ.

ಶೇಂಗಾಉಂಡಿ

ಒಂದು ತ್ರಾಸು ಬಂತ್ರಿ. ನಮ್ಮ ಲಂಗಾ-ದಾವಣಿ ಫೋಟೋದಾಗ ದಾವಣಿ ಹಳದಿ ಐತಿ, ಯಂತ್ರನ ಹಾಕಿದ್ದು. ಈಗ ಸೂಜಿಮನೆ ಅಕ್ಕಾರ ಹೇಳಿದಂಗ ಮಾಡಿದ್ರ ಲಂಗಾನೂ ಹಸಿರು ದಾವಣಿನೂ ಹಸಿರು. ತಂಗಿ ಕೇಳಿದ ಕೂಡ್ಲೇ "ಅಂದ್ರ ಸೀರಿ ಉಟ್ಟಂಗ ಆತಲ್ಲ" ಅಂದ್ಳು.

ಉಡುಪಿ ಲೆನ್ಸ್

ಮಾಡಿ ನೋಡಿ ಅಲ್ವಾ, ಇದಕ್ಕೇ ಇರುವುದು ಅದು. ಮೂಲ ಫೋಟೋದಿಂದ ಮೂರು ಮಾಡಿ, ಮೂರರಲ್ಲೂ ಲಂಗ ದಾವಣಿ ಅದೇ ಹಸಿರು, ಬ್ಲೌಸಿನ ಬಣ್ಣ ಮಾತ್ರ ಬೇರೆ. ಒಂದಕ್ಕೆ ಹಸಿರು ಬ್ಲೌಸ್, ಒಂದಕ್ಕೆ ಸೆರಗಿನ ಕೆಂಪು, ಒಂದಕ್ಕೆ ಕಡು ನೀಲಿ ಖಣ. ಒಂದೇ ಸಲಕ್ಕೆ ಬ್ಲೌಸು, ದಾವಣಿ, ಜಡೆ, ಒಡವೆ ಎಲ್ಲ ಬದಲಿಸಿದ್ರೆ ಯಾವುದರಿಂದ ಚಂದ ಆಯ್ತು ಅಂತ ತಿಳಿಯುವುದಿಲ್ಲ.

ಮೂರನ್ನೂ ಒಂದೇ ಸಾಲಲ್ಲಿ ಇಟ್ಟು ಒಮ್ಮೆ ಕಪ್ಪುಬಿಳುಪು ಮಾಡಿ. ಬಣ್ಣ ಹೋದ ಮೇಲೆ ದಾವಣಿ ಎಲ್ಲಿ ಮುಗೀತು ಬ್ಲೌಸ್ ಎಲ್ಲಿ ಶುರುವಾಯ್ತು ಅಂತ ಕಾಣ್ತದಾ ನೋಡಿ. ಮತ್ತೆ ಮುಖದ ಮೇಲೆ ಒಂದು ಪಟ್ಟಿ ಅಂಟಿಸಿ ಮನೆಯವರಿಗೆ ಕಳಿಸಿ, ಗ್ರೂಪಿಗೆ ಬೇಡ, ಒಬ್ಬೊಬ್ಬರಿಗೇ. ಗ್ರೂಪಲ್ಲಿ ಮೊದಲು ಮಾತಾಡಿದವರ ಹಿಂದೆ ಎಲ್ಲರೂ ಹೋಗ್ತಾರೆ. ಮುಖ ಕಂಡ್ರೆ ಯಾವುದರಲ್ಲಿ ಚಂದ ನಕ್ಕಿದ್ದಾಳೋ ಅದಕ್ಕೇ ವೋಟು.

ಶೇಂಗಾಉಂಡಿ

ಎರಡು ದಿನಾ ಆತು, ಬರೀತೀನಿ ಬರೀತೀನಿ ಅಂತ ಉಳೀತು. ಮುಖ ಮುಚ್ಚಿ ಕಳಸಿದ್ವಿ. ಹಸಿರು ಜಂಪರಿಂದು ಕಪ್ಪುಬಿಳಪ ಮಾಡಿದ್ರ ಕೊಳ್ಳಿಂದ ಕಾಲಿನ ತನಕ ಒಂದ ಗೋಣಿಚೀಲ ಹಂಗ ಕಂಡ್ತು, ಅದು ಹೋತು. ಕೆಂಪಿಂದು ಬಣ್ಣದಾಗ ಭಾರೀ ಇತ್ತು, ಕಪ್ಪುಬಿಳುಪಿನ್ಯಾಗ ಹಸಿರೂ ಕೆಂಪೂ ಒಂದ ಬೂದಿ ಬಣ್ಣ ಆದುವು, ನನಗ ಅದು ಆಶ್ಚರ್ಯ ಆತು. ನೀಲಿ ಖಣದ್ದು ಎದ್ದು ಕಂಡ್ತು. ಅಪ್ಪ, ಕಾಕು ಇಬ್ಬರೂ ಬ್ಯಾರೆ ಬ್ಯಾರೆ ಕೇಳಿದಾಗ ನೀಲಿ ಅಂದ್ರು. ಅವ್ವ ಮಾತ್ರ ಕೆಂಪು ಅಂದ್ಳು, "ಕಪ್ಪುಬಿಳಪ ಕಣ್ಣು ಯಾರಿಗದಾವ" ಅಂತ.

ಉಡುಪಿ ಲೆನ್ಸ್

ಅಮ್ಮ ಹೇಳಿದ್ದರಲ್ಲಿ ಅರ್ಥ ಉಂಟು ಮಾರಾಯ್ರೇ. ಕೆಂಪು ಹಸಿರು ಕಣ್ಣಿಗೆ ಬೇರೆಯೇ ಕಾಣ್ತದೆ. ಕಪ್ಪುಬಿಳುಪು ನೋಡುವುದು ಸಂಜೆ ಮಬ್ಬಲ್ಲಿ, ದೂರದಿಂದ ಹೇಗೆ ಕಾಣ್ತದೆ ಅಂತ ಅಂದಾಜಿಗೆ ಮಾತ್ರ.

ಸೂಜಿಮನೆ

ಪಂಚಮಿ ಅಂದ್ರೆ ನಿಮ್ಮ ಕಡೆ ಜೋಕಾಲಿ ಆಡ್ತಾರಲ್ವಾ? ತಂಗಿ ಹತ್ತೋದಾದ್ರೆ ಲಂಗ 38 ಬೇಡ, 37 ಮಾಡ್ಸಿ. ನಿಂತಿರೋ ಫೋಟೋಲಿ ಇದು ಗೊತ್ತಾಗಲ್ಲ. ದಾವಣಿ ಸೆರಗನ್ನ ಸೊಂಟಕ್ಕೆ ಸಿಗಿಸೋಕೆ ಬೆಲ್ಟಲ್ಲಿ ಒಂದು ಲೂಪ್ ಇಡ್ಸಿ, ಹಗ್ಗಕ್ಕೆ ಸಿಕ್ಕಿದ್ರೆ ಮೊದಲು ಹರಿಯೋದು ಆ ಸೆರಗೇ.

ಪಿಕ್ಸೆಲ್ ಪುಟ್ಟ

ಜೋಕಾಲಿ ಮೇಲೆ ಕೂತಿರೋ ಥರ ಜನರೇಟ್ ಮಾಡಿ ನೋಡ್ಬಹುದಲ್ಲ!

ಉಡುಪಿ ಲೆನ್ಸ್

ಮಾಡಬಹುದು, ಚಂದ ಬರ್ತದೆ, ಸ್ಟೇಟಸ್‌ಗೆ ಹಾಕಿ. ಲಂಗ ಸಿಕ್ಕಿಕೊಳ್ತದಾ ಇಲ್ವಾ ಅಂತ ಮಾತ್ರ ಅದರಲ್ಲಿ ನೋಡ್ಬೇಡಿ. ಮನೆಯಲ್ಲಿ ಒಂದು ಹಳೇ ಲಂಗ ಹಾಕಿ ಕುರ್ಚಿ ಮೇಲೆ ಹತ್ತಿ ಇಳಿದ್ರೆ ಗೊತ್ತಾಗ್ತದೆ.

ಶೇಂಗಾಉಂಡಿ

ಇವತ್ತ ಟೇಲರ್ ಕಡೆ ಹೋಗಿದ್ವಿ. ಫೋಟೋ ತೋರಸಲಿಲ್ಲ ಮದ್ಲ, ಸೂಜಿಮನೆ ಅಕ್ಕಾರ ಲೆಕ್ಕದ ಚೀಟಿ ಕೊಟ್ವಿ, 118, 98, ಉದ್ದ 37. ಆಕಿ ಸೀರಿ ಹಾಸಿ ಟೇಪ್ ಹಿಡಿದು ಮತ್ತೊಮ್ಮೆ ಅಳದು "ಯಾರ್ರೀ ಇದನ್ನ ಬರದವ್ರು" ಅಂತ ಕೇಳಿದ್ಳು. ಬೆನ್ನಿನ ಕಡೆ ಬ್ಯಾರೆ ಫೋಟೋ ತಗದು ಜಂಪರ್ ಹಿಂದಿನ ಕೊಳ್ಳು ಮೂರು ನಮೂನಿ ಮಾಡಿಸಿ ಒಯ್ದಿದ್ವಿ, ಅದರಾಗ ಒಂದಕ್ಕ ಹುಕ್ ಇಡಾಕ ಜಾಗಾನ ಇಲ್ಲ ಅಂತ ತಗದ ಒಗದ್ಳು, ಉಳಿದೆರಡರಾಗ ಗುಂಡಂದು ಆತು.

ಕಿಟಕಿಗೆ ಹಿಡದಾಗ ಒಡಲಿನ ಒಂದು ಮಡಿಕಿ ಸವದಿತ್ತು, ಸುದೈವಕ್ಕ ಲಂಗಾದ ಕಡೆ ಬಂತು. ಸೆರಗು ಒದ್ದಿ ಬಟ್ಟಿಗೆ ಸ್ವಲ್ಪ ಕೆಂಪು ಹತ್ತಿತು, ಅದಕ್ಕ ಮನ್ಯಾಗ ಒಗೀಲಿಲ್ಲ, ಡ್ರೈಕ್ಲೀನಿಂಗಿಗೆ ಕೊಟ್ಟೀವಿ, ಸೋಮವಾರ ಬರ್ತೈತಿ. ಅಸ್ತರ ನೆನಸೀನಿ ಸುಮಕ್ಕಾರ.

ಮ್ಯಾಲೆ ಉಳಿಯೂ ಬಟ್ಟಿದು ಇನ್ನೂ ಬಗೀಹರದಿಲ್ಲ. ಅವ್ವ ಮಡಚು ಅಂತಾಳ, ಟೇಲರ್ ಕತ್ತರಿಸು ಅಂತಾಳ. ಖಣ ಕೆಂಪೋ ನೀಲಿಯೋ ಅಂತ ತಂಗಿ ಶನಿವಾರ ಬಂದು ಅಂಗಡ್ಯಾಗ ಮೈಮ್ಯಾಲೆ ಹಾಕ್ಕೊಂಡು ನೋಡತೀನಿ ಅಂದಾಳ. ಫೋನಿನ್ಯಾಗ ಇನ್ನೂ ಆ ಹತ್ತು ಇಂಚಿನ ದಡೀ ಅನಾರ್ಕಲಿ ಇಟಗೊಂಡಾಳ್ರಿ, ವಾಲ್‌ಪೇಪರ್ ಮಾಡಿ.

ಮಗ್ಗದ ಮನಿ

ಟೇಲರ್‌ಗೆ ಹೇಳವಾ, ಕತ್ತರಿಸೂ ಮುಂದ ಸೆರಗಿನ ಕಡಿಂದ 98 ಅಳಿ ಅಂತ. ಆ ಕಡಿಂದ ಲಂಗಾ ಅಳದು ಬಂದ್ರ ಎಲ್ಲೇರ ಅರ್ಧ ಇಂಚು ತಪ್ಪಿದ್ರ ದಾವಣಿ ಕಡಿಮಿ ಬೀಳತೈತಿ, ಲಂಗಾ ಅರ್ಧ ಇಂಚು ಕಡಿಮಿ ಆದ್ರ ಯಾರಿಗೂ ತಿಳಿಯಂಗಿಲ್ಲ.